ಸೇರುವ ಮೊದಲೇ ಶುಲ್ಕ: ಒಂದು ಸ್ಕ್ರೀನ್‌ಶಾಟನ್ನು ಓದುವ ಬಗೆ

ಹ್ಯಾಂಡ್‌ಪೋಸ್ಟಿನಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಾ ನಿಂತಾಗ ಯಾರಾದರೂ ಫೋನ್ ಚಾಚಿ "ಅಣ್ಣ, ಈ ಕೆಲಸ ನಿಜವಾ ಸ್ವಲ್ಪ ನೋಡಿ" ಎಂದು ಕೇಳಿದರೆ, ಅವರು ತೋರಿಸುವುದು ಎಷ್ಟೋ ಸಲ ಮೂಲ ಚಾಟ್ ಆಗಿರುವುದಿಲ್ಲ. ಅದು ಆ ಚಾಟಿನ ಫೋಟೊ. ಗೆಳತಿ ಕಳಿಸಿದ್ದು, ಗೆಳತಿಗೆ ಅವಳ ಮಾವನ ಮಗ ಕಳಿಸಿದ್ದು, ಅವನಿಗೆ ಯಾವುದೋ ಐಟಿಐ ಗ್ರೂಪಿನಲ್ಲಿ ಸಿಕ್ಕಿದ್ದು. ನೋಡುವವರು ನೇರವಾಗಿ ಸಂಬಳದ ಸಾಲಿಗೆ ಹೋಗುತ್ತಾರೆ, ಆಮೇಲೆ ಶುಲ್ಕದ ಸಾಲಿಗೆ ಬರುತ್ತಾರೆ, ಅಲ್ಲೇ ಗೊಂದಲ ಶುರುವಾಗುತ್ತದೆ. ಆದರೆ ಆ ಚಿತ್ರದಲ್ಲಿ ಓದಬೇಕಾದ್ದು ಇನ್ನೂ ಬಹಳ ಇರುತ್ತದೆ.

ಒಂದು ಮಾದರಿಯನ್ನು ಇಟ್ಟುಕೊಂಡು ನೋಡೋಣ. ಇದು ಯಾರೊಬ್ಬರದೂ ಅಲ್ಲ, ಇಂಥ ಸಂದೇಶಗಳು ಬರುವ ಧಾಟಿಯಲ್ಲಿ ನಾನೇ ಬರೆದದ್ದು. ಎಚ್.ಡಿ. ಕೋಟೆ ಕಡೆಯ, ಪಿಯುಸಿ ಮುಗಿಸಿದ ಒಬ್ಬ ಹುಡುಗಿಗೆ ಇದು ಬಂದಿದೆ ಎಂದುಕೊಳ್ಳಿ. ಮೇಲ್ಗಡೆ ಒಂದು ದೊಡ್ಡ ಕಾರ್ಖಾನೆಯ ಹೆಸರು, ಪಕ್ಕದಲ್ಲಿ HR ಎಂಬ ಎರಡಕ್ಷರ, ದುಂಡನೆಯ ಫೋಟೊದಲ್ಲಿ ಕಂಪನಿಯ ಲಾಂಛನ. ಕೆಳಗೆ ಹೀಗಿದೆ:

"ನಮಸ್ಕಾರ, ನೀವು ಸೆಲೆಕ್ಟ್ ಆಗಿದ್ದೀರಿ. ಪ್ಯಾಕಿಂಗ್ ಸೂಪರ್‌ವೈಸರ್, ನಂಜನಗೂಡು. ಸಂಬಳ 24,500, ಪಿಎಫ್ ಮತ್ತು ಇಎಸ್‌ಐ ಇದೆ. ಊಟ, ರೂಮು ಫ್ರೀ. ಸೋಮವಾರ ಜಾಯಿನಿಂಗ್. ರಿಜಿಸ್ಟ್ರೇಷನ್ ಫೀ 1,550, ಮೊದಲ ಸಂಬಳದ ಜೊತೆ ವಾಪಸ್. ಇನ್ನು 4 ಸೀಟು ಮಾತ್ರ. ಸಂಜೆ 5ರೊಳಗೆ ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ."

ಮೊದಲು ತಲೆಯ ಮೇಲಿನ ಹೆಸರು. ವಾಟ್ಸ್ಆ್ಯಪಿನಲ್ಲಿ ಅಲ್ಲಿ ಕಾಣುವುದು, ಫೋನಿನವರು ಆ ನಂಬರನ್ನು ಏನೆಂದು ಸೇವ್ ಮಾಡಿಕೊಂಡಿದ್ದಾರೋ ಅದು. ನನ್ನ ತಮ್ಮನ ನಂಬರನ್ನು ನಾನು "ಜಿಲ್ಲಾಧಿಕಾರಿ" ಎಂದು ಸೇವ್ ಮಾಡಿದರೆ, ನನ್ನ ಸ್ಕ್ರೀನ್‌ಶಾಟಿನಲ್ಲಿ ಜಿಲ್ಲಾಧಿಕಾರಿಯೇ "ಊಟ ಆಯ್ತಾ" ಎಂದು ಕೇಳುತ್ತಾರೆ. ಹಾಗಾಗಿ ಸ್ಕ್ರೀನ್‌ಶಾಟಿನ ಮೇಲಿನ ಕಂಪನಿ ಹೆಸರಿಗೆ ಸಾಕ್ಷಿಯಾಗಿ ಬೆಲೆಯೇ ಇಲ್ಲ. ಹುಡುಗಿ ಮೊದಲು ಕೇಳಬೇಕಾದ್ದು ಹೆಸರನ್ನಲ್ಲ, ನಂಬರನ್ನು: "ಯಾವ ನಂಬರಿನಿಂದ ಬಂತು? ಮೂಲ ಚಾಟ್ ಯಾರ ಫೋನಿನಲ್ಲಿದೆ?" ಈ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಅಲ್ಲಿಗೆ ನಿಲ್ಲಿಸಬಹುದು. ಪರಿಶೀಲಿಸಲು ಅಲ್ಲಿ ಏನೂ ಇಲ್ಲ, ಒಂದು ಚಿತ್ರವಷ್ಟೇ ಇದೆ.

ಫೋಟೊದಲ್ಲಿರುವ ಟಿಕ್ ಗುರುತಿನಿಂದಲೂ ಮೋಸ ಹೋಗುತ್ತಾರೆ. ವಾಟ್ಸ್ಆ್ಯಪ್ ಪರಿಶೀಲಿಸಿ ಕೊಡುವ ನೀಲಿ ಗುರುತು ಹೆಸರಿನ ಪಕ್ಕದಲ್ಲಿ ಬರುತ್ತದೆ, ದುಂಡನೆಯ ಫೋಟೊದ ಒಳಗೆ ಬರುವುದಿಲ್ಲ. ಲಾಂಛನದ ಮೂಲೆಯಲ್ಲಿ ಟಿಕ್ ಇದ್ದರೆ ಅದನ್ನು ಯಾರೋ ಚಿತ್ರಕ್ಕೆ ಅಂಟಿಸಿದ್ದಾರೆ. ಇನ್ನು "ಬಿಸಿನೆಸ್ ಅಕೌಂಟ್" ಎಂದು ಕಂಡರೂ ಅದು ಪರಿಶೀಲನೆಯ ಗುರುತಲ್ಲ. ನಮ್ಮೂರ ಕೋಳಿ ಅಂಗಡಿಯವರೂ ಆ ಬಗೆಯ ಖಾತೆಯನ್ನು ದುಡ್ಡಿಲ್ಲದೆ ಐದು ನಿಮಿಷದಲ್ಲಿ ಮಾಡಿಕೊಳ್ಳಬಹುದು.

ಆಮೇಲೆ ಸಂದೇಶ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ. ಫೋನಿನವರು ಕಳಿಸಿದ್ದು ಬಲಗಡೆ, ಅವರಿಗೆ ಬಂದದ್ದು ಎಡಗಡೆ. ಈ ಚಿಕ್ಕ ಸಂಗತಿಯಿಂದ ಒಂದು ದೊಡ್ಡ ಗುಟ್ಟು ಹೊರಬೀಳುತ್ತದೆ. ನಂಬಿಕೆ ಹುಟ್ಟಿಸಲು ಇವರು "ಈಗಾಗಲೇ ಸೇರಿದವರ" ಚಾಟುಗಳನ್ನು ಕಳಿಸುತ್ತಾರೆ: "ಥ್ಯಾಂಕ್ಸ್ ಸರ್, ಕೆಲಸ ಸಿಕ್ತು, ಫೀಸೂ ವಾಪಸ್ ಬಂತು." ಅದರಲ್ಲಿ ಥ್ಯಾಂಕ್ಸ್ ಹೇಳಿದ ಮಾತು ಎಡಗಡೆ, ಎಚ್‌ಆರ್‌ನ ಉತ್ತರ ಬಲಗಡೆ ಇದ್ದರೆ, ಆ ಚಿತ್ರ ತೆಗೆದದ್ದು ಎಚ್‌ಆರ್ ಎನ್ನುವವನ ಫೋನಿನಿಂದಲೇ. ಅವನದೇ ಇನ್ನೊಂದು ಸಿಮ್ಮಿನಿಂದ ಅವನಿಗೇ ಬಂದ ಮಾತು ಅದಾಗಿರಬಹುದು. ನೂರು ಅಂಥ ಚಿತ್ರಗಳನ್ನು ಕಳಿಸಿದರೂ ಒಬ್ಬರು ಸೇರಿದ್ದಕ್ಕೆ ಅದು ಪುರಾವೆಯಾಗುವುದಿಲ್ಲ.

ಆಫರ್ ಲೆಟರ್ ಬಂದಿದ್ದರೆ ಅದರ ತಲೆಯ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರ ಇದೆಯಾ ನೋಡಿ. ವಾಟ್ಸ್ಆ್ಯಪಿನಲ್ಲಿ ಫಾರ್ವರ್ಡ್ ಆದದ್ದಕ್ಕೆ `Forwarded` ಎಂದು ಒಂದು ಬಾಣದ ಗುರುತು ಬರುತ್ತದೆ. ಕೈಯಿಂದ ಕೈಗೆ ಐದಾರು ಸಲ ದಾಟಿ ಬಂದಿದ್ದರೆ ಎರಡು ಬಾಣದೊಡನೆ `Forwarded many times` ಎಂದು ಬರುತ್ತದೆ. ಒಂದೇ ಬಾಣ ಇದ್ದರೆ ಏನೂ ತೀರ್ಮಾನಿಸಲಾಗದು, ಕಚೇರಿಯ ಒಬ್ಬರು ಇನ್ನೊಬ್ಬರಿಗೆ ಕಳಿಸಿ ಅವರು ನಮಗೆ ಕಳಿಸಿರಬಹುದು. ಆದರೆ ಎರಡು ಬಾಣದ ಗುರುತು ಹೊತ್ತ ಪತ್ರ "ನಿಮಗಾಗಿಯೇ" ಬಂದ ನೇಮಕದ ಪತ್ರ ಆಗಲು ಸಾಧ್ಯವಿಲ್ಲ.

ಈಗ ಮಾತಿಗೆ ಬರೋಣ. ಮಾದರಿಯಲ್ಲಿ ಸಂಬಳ 24,500, ಇಎಸ್‌ಐ ಇದೆ ಎಂದಿದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇಲ್ಲೇ ಅನುಮಾನ ಬರುತ್ತದೆ. ಇಎಸ್‌ಐಗೆ ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ನಿಗದಿ ಮಾಡಿದರು. ಆ ಮಿತಿಗಿಂತ ಹೆಚ್ಚು ಸಂಬಳಕ್ಕೆ ಹೊಸದಾಗಿ ಸೇರುವವರು ಅದರ ವ್ಯಾಪ್ತಿಗೆ ಬರುವುದಿಲ್ಲ (ಅಂಗವಿಕಲ ನೌಕರರಿಗೆ ಮಾತ್ರ ಮಿತಿ ಇನ್ನೂ ಸ್ವಲ್ಪ ಮೇಲಿದೆ). ನಿಜವಾದ ಎಚ್‌ಆರ್ ವಿಭಾಗದವರು ದಿನಾ ಮಾಡುವ ಲೆಕ್ಕ ಇದು, ಅವರು ಇಲ್ಲಿ ಎಡವುವುದು ಕಷ್ಟ. ಸಂದೇಶ ಬರೆದವನು ಹಳ್ಳಿ ಕಡೆ ಕೇಳಲು ಚೆಂದವಾಗಿರುವ ಎರಡು ಪದಗಳನ್ನು ಒಟ್ಟಿಗೆ ಇಟ್ಟಿದ್ದಾನೆ, ಅಷ್ಟೆ. ಹುದ್ದೆಯೂ ಹಾಗೆಯೇ. ಪಿಯುಸಿ ಮುಗಿಸಿ ಒಂದು ದಿನವೂ ಲೈನಿನಲ್ಲಿ ನಿಲ್ಲದ ಹುಡುಗಿಯನ್ನು, ಒಂದು ಮಾತೂ ಆಡಿಸದೆ, ಯಾವ ಕಾರ್ಖಾನೆಯೂ ಸೂಪರ್‌ವೈಸರ್ ಮಾಡುವುದಿಲ್ಲ.

ಇಂಥ ತಪ್ಪು ಇದ್ದರೆ ಹಿಡಿಯುವುದು ಸುಲಭ. ಆದರೆ ತಪ್ಪೇ ಇಲ್ಲದ ಸಂದೇಶಗಳೂ ಬರುತ್ತವೆ. ಸಂಬಳ 14,000 ಎಂದು ಹೇಳಿ, ಹೆಲ್ಪರ್ ಕೆಲಸ ಎಂದು ಹೇಳಿ, ಎಲ್ಲವನ್ನೂ ನಂಬುವ ಹಾಗೆ ಬರೆದವರೂ ಇದ್ದಾರೆ. ಆಗ ಉಳಿಯುವುದು ಶುಲ್ಕದ ಸಾಲು ಒಂದೇ. "ಮೊದಲ ಸಂಬಳದ ಜೊತೆ ವಾಪಸ್" ಎಂಬ ಮಾತನ್ನು ಎರಡು ಸಲ ಓದಿ. ಮೊದಲ ತಿಂಗಳು ಸಂಬಳ ಕೊಡುವವರೂ ಅವರೇ, ಶುಲ್ಕ ವಾಪಸ್ ಕೊಡುವವರೂ ಅವರೇ. ಹಾಗಿದ್ದರೆ ಮೊದಲು ಈಸಿಕೊಂಡು ಆಮೇಲೆ ತಿರುಗಿ ಕೊಡುವ ಈ ಸುತ್ತು ಯಾಕೆ? ಹುಡುಗಿ ಒಂದೇ ಸಾಲು ಬರೆದರೆ ಸಾಕು: "ಸರ್, ನನ್ನ ಹತ್ತಿರ ಈಗ ದುಡ್ಡಿಲ್ಲ. ಸೋಮವಾರ ಕಾರ್ಖಾನೆ ಗೇಟಿಗೆ ಬಂದು ಅಲ್ಲೇ ಕೊಡುತ್ತೇನೆ, ರಸೀದಿ ಕೊಡಿ."

ಇದಕ್ಕೆ ಬರುವ ಉತ್ತರವೇ ಪರೀಕ್ಷೆ. ಸಾಮಾನ್ಯವಾಗಿ ಉತ್ತರಗಳು ಮೂರು ಬಗೆ. "ಸೀಟು ಬೇರೆಯವರಿಗೆ ಹೋಗುತ್ತೆ" ಎಂಬ ಬೆದರಿಕೆ. "ಸರಿ, ಅರ್ಧ ಈಗ ಕಳಿಸಿ, ಅರ್ಧ ಆಮೇಲೆ" ಎಂಬ ಚೌಕಾಸಿ. ಇಲ್ಲವೆ ನೇರವಾಗಿ ಬ್ಲಾಕ್. ಈ ಚೌಕಾಸಿಯನ್ನು ಗಮನಿಸಿ. ಕಂಪನಿಯ ನಿಯಮದ ಶುಲ್ಕ ಅಂದಿದ್ದು ಒಂದು ಮಾತಿಗೆ ಅರ್ಧವಾಯಿತು. ಸಂತೆಯಲ್ಲಿ ಬೆಲೆ ಇಳಿಯುತ್ತದೆ, ನಿಯಮದ ಶುಲ್ಕ ಹಾಗೆ ಇಳಿಯುವುದಿಲ್ಲ.

ಮೊತ್ತ ಸಣ್ಣದಾಗಿರುವುದಕ್ಕೂ ಕಾರಣ ಇದೆ. 1,550 ರೂಪಾಯಿ ಹೋದರೆ ಪೊಲೀಸ್ ಠಾಣೆಗೆ ಯಾರು ಅಲೆಯುತ್ತಾರೆ ಎಂದು ಮನೆಯವರೇ ಸುಮ್ಮನಾಗುತ್ತಾರೆ. ಅದು ಅವರಿಗೂ ಗೊತ್ತು. ಕಟ್ಟಿದ ಮರುದಿನ ಯೂನಿಫಾರ್ಮ್ ಮತ್ತು ಐಡಿ ಕಾರ್ಡಿಗೆಂದು ಇನ್ನೊಂದು ಮೊತ್ತ ಬರುತ್ತದೆ, ಆಮೇಲೆ ಮೆಡಿಕಲ್, ಆಮೇಲೆ "ಜಿಎಸ್‌ಟಿ ಬಾಕಿ". ಮೊದಲು ಕಟ್ಟಿದ್ದು ಮುಳುಗಬಾರದು ಎಂಬ ಆಸೆಯಿಂದಲೇ ಎರಡನೆಯದನ್ನು ಕಟ್ಟುತ್ತಾರೆ, ಎರಡನ್ನೂ ಉಳಿಸಿಕೊಳ್ಳಲು ಮೂರನೆಯದನ್ನು. ಹೊಗೆಸೊಪ್ಪು ಮಾರಿದ ದುಡ್ಡಿನಿಂದಲೋ ಸ್ತ್ರೀಶಕ್ತಿ ಸಂಘದ ಸಾಲದಿಂದಲೋ ಇದು ಹೋಗುತ್ತದೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ದುಡ್ಡು ಯಾರಿಗೆ ಹೋಗುತ್ತದೆ ಎಂಬುದನ್ನು ಕಟ್ಟದೆಯೇ ನೋಡಬಹುದು. ಅವರು ಕೊಟ್ಟ ನಂಬರನ್ನೋ ಕ್ಯೂಆರ್ ಕೋಡನ್ನೋ ಫೋನ್‌ಪೇ, ಗೂಗಲ್‌ಪೇಯಲ್ಲಿ ಹಾಕಿದಾಗ, ಪಿನ್ ಒತ್ತುವ ಮೊದಲೇ ಬ್ಯಾಂಕಿನಲ್ಲಿರುವ ಹೆಸರು ತೆರೆಯ ಮೇಲೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಓದಿ, ಹಿಂದಕ್ಕೆ ಬನ್ನಿ. ಕಂಪನಿಯ ಹೆಸರಿನ ಬದಲು ಒಬ್ಬ ವ್ಯಕ್ತಿಯ ಹೆಸರೋ ಯಾವುದೋ ದಿನಸಿ ಅಂಗಡಿಯ ಹೆಸರೋ ಬಂದರೆ ಇನ್ನು ಕೇಳುವುದೇ ಬೇಡ. "ಅವರು ನಮ್ಮ ಅಕೌಂಟೆಂಟ್" ಎಂಬ ಸಮಜಾಯಿಷಿ ತಕ್ಷಣ ಬರುತ್ತದೆ. ನೂರಾರು ಜನಕ್ಕೆ ಸಂಬಳ ಹಾಕುವ ಕಾರ್ಖಾನೆ ತನ್ನ ಹಣವನ್ನು ಅಕೌಂಟೆಂಟಿನ ಸ್ವಂತ ಖಾತೆಗೆ ತರಿಸಿಕೊಳ್ಳುವುದಿಲ್ಲ. ಹಾಗೆಂದು ಆ ಹೆಸರಿನ ಮನುಷ್ಯನೇ ಕಳ್ಳ ಎಂದುಕೊಂಡು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ಖಾತೆ ಬಾಡಿಗೆಗೆ ಕೊಟ್ಟು ಸಿಕ್ಕಿಬಿದ್ದ ಇನ್ನೊಬ್ಬ ಬಡವನೂ ಅವನಾಗಿರಬಹುದು.

ಲೆಟರ್‌ಹೆಡ್‌ನಲ್ಲಿ ಜಿಎಸ್‌ಟಿ ನಂಬರು ಕೊಟ್ಟಿದ್ದಾರೆ, ಅದು ನಿಜವೇ ಇರಬೇಕಲ್ಲ ಎಂದು ಓದಿದವರೂ ಕೇಳುತ್ತಾರೆ. ಆ ನಂಬರನ್ನು ಓದುವುದು ಕಲಿತರೆ ಒಳ್ಳೆಯದು. ಒಂದು ಮಾದರಿ ಹೀಗಿರುತ್ತದೆ:

```
29AAAPL1234C1Z5
```

ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಆ ಪ್ಯಾನಿನ ನಾಲ್ಕನೆಯ ಅಕ್ಷರ ಅದು ಯಾರದು ಎಂದು ಹೇಳುತ್ತದೆ: ಕಂಪನಿಯದಾದರೆ C, ಒಬ್ಬ ವ್ಯಕ್ತಿಯದಾದರೆ P. ಮೇಲಿನ ಮಾದರಿಯಲ್ಲಿ P ಇದೆ. "ಪ್ರೈವೇಟ್ ಲಿಮಿಟೆಡ್" ಎಂದು ದಪ್ಪಕ್ಷರದಲ್ಲಿ ಬರೆದ ಪತ್ರದಲ್ಲಿ ಈ ಜಾಗದಲ್ಲಿ P ಕಂಡರೆ ಪತ್ರ ಸುಳ್ಳು. ಜಿಎಸ್‌ಟಿಯ ಜಾಲತಾಣ `gst.gov.in` ತೆರೆದು `Search Taxpayer` ಎಂಬಲ್ಲಿ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಯಾವ ವಿಳಾಸ ಎಂಬುದೂ ಬರುತ್ತದೆ, ಲಾಗಿನ್ ಬೇಕಿಲ್ಲ.

ಆದರೆ ಇದರ ಮಿತಿಯನ್ನೂ ಹೇಳಲೇಬೇಕು, ಯಾಕೆಂದರೆ ಜಾಣರು ಬೀಳುವುದು ಇಲ್ಲೇ. ನಂಬರ್ ಸರಿಯಾಗಿ ತಾಳೆಯಾಗಬಹುದು. ದೊಡ್ಡ ಕಂಪನಿಗಳ ಜಿಎಸ್‌ಟಿ ನಂಬರು ಅವರ ಬಿಲ್ಲಿನ ಮೇಲೆಲ್ಲ ಇರುತ್ತದೆ, ಅದನ್ನು ನೋಡಿ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಲಾಂಛನ, ವಿಳಾಸ, ನಿರ್ದೇಶಕರ ಹೆಸರು ಎಲ್ಲವೂ ಹಾಗೆಯೇ. ಇವೆಲ್ಲ ಸರಿ ಇದ್ದರೆ ಆ ಹೆಸರಿನ ಕಂಪನಿ ಇದೆ ಎಂದಾಯಿತು. ಅದು ನಮಗೆ ಮೊದಲೇ ಗೊತ್ತಿತ್ತು. ನಮ್ಮ ಪ್ರಶ್ನೆ ಬೇರೆ: ಚಾಟಿನಲ್ಲಿ ಮಾತಾಡುತ್ತಿರುವವನು ಆ ಕಂಪನಿಯವನಾ?

ಇದಕ್ಕೆ ಉತ್ತರ ಚಾಟಿನ ಒಳಗೆ ಎಂದೂ ಸಿಗುವುದಿಲ್ಲ. ಅವನು ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಅವನ ಕಡೆಯವರೇ ಎತ್ತುತ್ತಾರೆ, ಅವನು ಕೊಟ್ಟ ಲಿಂಕ್ ಒತ್ತಿದರೆ ಅವನೇ ಮಾಡಿಸಿದ ಜಾಲತಾಣ ತೆರೆಯುತ್ತದೆ. ಹೊರಗಿನಿಂದ ನೀವೇ ಹುಡುಕಿದ ದಾರಿಯಲ್ಲಿ ಹೋಗಬೇಕು. ಕಂಪನಿಯ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆದು, ಅಲ್ಲಿನ ಸ್ಥಿರ ದೂರವಾಣಿಗೆ ಕರೆ ಮಾಡಿ, ಪತ್ರದ ಮೇಲಿನ ಉಲ್ಲೇಖ ಸಂಖ್ಯೆ ಓದಿ ಹೇಳಿ. ಇಮೇಲ್ ವಿಳಾಸ ಕೊಟ್ಟಿದ್ದರೆ `@` ಆದಮೇಲೆ ಏನಿದೆ ಎಂದು ನೋಡಿ. ಕಂಪನಿಯ ಜಾಲತಾಣದ ಹೆಸರೇ ಅಲ್ಲಿ ಅಕ್ಷರಕ್ಕೆ ಅಕ್ಷರ ಇರಬೇಕು. `gmail.com` ಇದ್ದರೆ, ಇಲ್ಲವೆ ಕಂಪನಿಯ ಹೆಸರಿಗೆ ಗೆರೆ ಎಳೆದು `-jobs` ಎಂದೋ `-careers` ಎಂದೋ ಸೇರಿಸಿದ್ದರೆ ಬಿಟ್ಟುಬಿಡಿ.

ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಬೆಂಗಳೂರಿನ, ದೆಹಲಿಯ ಕೆಲಸವಾದರೆ ಫೋನೇ ಗತಿ. ನಂಜನಗೂಡು, ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿಯ ಕಾರ್ಖಾನೆಯಾದರೆ ಗೇಟಿಗೇ ಹೋಗಿ ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಎಲ್ಲಿಂದ ಹೊರಟರೂ ಬೆಳಿಗ್ಗೆಯ ಬಸ್ಸಿಗೆ ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಉಚಿತ, ಗಂಡುಮಕ್ಕಳಿಗೂ ಹೋಗಿಬರುವ ಚಾರ್ಜು 1,550ರ ಹತ್ತಿರಕ್ಕೂ ಬರುವುದಿಲ್ಲ. ಸೆಕ್ಯುರಿಟಿಯವರಿಗೆ ಪತ್ರ ತೋರಿಸಿ, "ಈ ಹೆಸರಿನವರು ಎಚ್‌ಆರ್‌ನಲ್ಲಿ ಇದ್ದಾರಾ, ಈ ತಿಂಗಳು ಜನ ತಗೊಳ್ತಿದ್ದಾರಾ" ಎಂದು ಕೇಳಿ. ಗೇಟಿನವರಿಗೆ ಇದು ಹೊಸ ಪ್ರಶ್ನೆಯೇನಲ್ಲ.

ಗೇಟಿನಲ್ಲಿ ಇನ್ನೊಂದು ಉತ್ತರವೂ ಸಿಗಬಹುದು: "ನಾವು ನೇರವಾಗಿ ತಗೊಳ್ಳಲ್ಲ, ಕಂಟ್ರಾಕ್ಟರ್ ಮೂಲಕ." ಇದು ನಿಜ, ಕಾರ್ಖಾನೆಗಳ ಎಷ್ಟೋ ಕೆಲಸ ಹಾಗೆಯೇ ನಡೆಯುತ್ತದೆ. ಆಗ ಕಂಟ್ರಾಕ್ಟರ್ ಹೆಸರನ್ನು ಗೇಟಿನವರಿಂದಲೇ ಕೇಳಿ ಬರೆದುಕೊಳ್ಳಿ, ಚಾಟಿನಲ್ಲಿರುವ ಹೆಸರಿಗೆ ಹೋಲಿಸಿ. ಕಂಟ್ರಾಕ್ಟರನಿಗೆ ಹಣ ಬರುವುದು ಕಾರ್ಖಾನೆಯಿಂದ, ತಲೆಗಿಷ್ಟು ಎಂದು. ಅದರ ಮೇಲೆ ಕೆಲಸ ಕೇಳಿ ಬಂದವರಿಂದಲೂ ಕೀಳುವವರು ಇದ್ದಾರೆ. ಅಂಥವರು ನಿಜವಾಗಿಯೂ ಕೆಲಸ ಕೊಡಿಸಬಹುದು. ಆದರೂ ನನ್ನ ಅಭಿಪ್ರಾಯ ಸ್ಪಷ್ಟ: ಬಾಗಿಲಲ್ಲೇ ದುಡ್ಡು ಕೇಳಿದವನು ಆಮೇಲೆ ಓಟಿಯಲ್ಲಿ, ಪಿಎಫ್‌ನಲ್ಲಿ, ರೂಮಿನ ಬಾಡಿಗೆಯಲ್ಲಿ ಕೇಳದೆ ಇರುವುದಿಲ್ಲ.

ಹಾಗಾದರೆ ಕೆಲಸಕ್ಕೆ ಶುಲ್ಕ ಎಂಬುದೇ ಸುಳ್ಳಾ? ಅಲ್ಲ. ಸರ್ಕಾರಿ ಹುದ್ದೆಗೆ ಅರ್ಜಿ ಶುಲ್ಕ ಇರುತ್ತದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ 100 ರೂಪಾಯಿ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅದೂ ಇಲ್ಲ. ವ್ಯತ್ಯಾಸ ಇರುವುದು ಯಾವಾಗ, ಎಲ್ಲಿ ಕಟ್ಟುತ್ತೇವೆ ಎಂಬುದರಲ್ಲಿ. ಅಂಚೆಯ ಅರ್ಜಿ ಶುಲ್ಕವನ್ನು ಅರ್ಜಿ ಹಾಕುವಾಗ ಇಲಾಖೆಯ ಜಾಲತಾಣದಲ್ಲೇ ಕಟ್ಟುತ್ತೇವೆ, ಆಯ್ಕೆ ಆಗದಿದ್ದರೂ ವಾಪಸ್ ಬರುವುದಿಲ್ಲ, ಬರುತ್ತದೆ ಎಂದು ಯಾರೂ ಹೇಳುವುದೂ ಇಲ್ಲ. "ನಿಮ್ಮ ಹೆಸರು ಲಿಸ್ಟಿನಲ್ಲಿದೆ, ದಾಖಲೆ ಪರಿಶೀಲನೆಗೆ ಇಷ್ಟು ಕಟ್ಟಿ" ಎಂದು ಆಯ್ಕೆಯ ನಂತರ ಬರುವ ಕರೆ ಅಂಚೆಯದಲ್ಲ. ಡಾಕ್ ಸೇವಕ ಹುದ್ದೆಗೆ ಪರೀಕ್ಷೆ ಇಲ್ಲ, ಹತ್ತನೆಯ ತರಗತಿಯ ಅಂಕದ ಮೇಲೆ ಆಯ್ಕೆ, ಮೂಲ ದಾಖಲೆಗಳನ್ನು ಅಂಚೆ ವಿಭಾಗದ ಕಚೇರಿಗೆ ಒಯ್ದು ತೋರಿಸುವುದು, ಇಷ್ಟೇ ಕ್ರಮ.

ವಿದೇಶದ ಕೆಲಸಕ್ಕೂ ಕಾನೂನುಬದ್ಧ ಶುಲ್ಕ ಇದೆ. 1983ರ ವಲಸೆ ಕಾಯ್ದೆಯ ಕೆಳಗೆ ನೋಂದಾಯಿಸಿದ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಯವರೆಗೆ ಪಡೆಯಬಹುದು, ರಸೀದಿ ಕೊಟ್ಟು. ಅವನ ಹೆಸರು `emigrate.gov.in` ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಅವನಿಗೆ ಒಂದು ರೂಪಾಯಿ ಪಡೆಯುವ ಹಕ್ಕೂ ಇಲ್ಲ.

ಈಗಾಗಲೇ ಕಟ್ಟಿಬಿಟ್ಟಿದ್ದರೆ? ಬೈಯುತ್ತಾ ಕೂರುವ ಹೊತ್ತಲ್ಲ ಅದು. ಮನೆಯವರೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹಣ ಆ ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ದೂರು ಮುಟ್ಟಿದರೆ ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯ, ದಿನ ಕಳೆದಷ್ಟೂ ಆ ಸಾಧ್ಯತೆ ಕರಗುತ್ತದೆ. ಕರೆ ಮಾಡುವಾಗ ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ, ಪೇಮೆಂಟಿನ ವಿವರ ತೆರೆದರೆ ಅದು ಸಿಗುತ್ತದೆ. `cybercrime.gov.in` ನಲ್ಲೂ ದೂರು ಬರೆಯಬಹುದು. ಆ ದೂರಿನ ಸಂಖ್ಯೆ ಹಿಡಿದು ಜಿಲ್ಲೆಯ ಸಿಇಎನ್ ಠಾಣೆಗೆ ಇಲ್ಲವೆ ನಿಮ್ಮ ಊರಿನ ಠಾಣೆಗೆ ಹೋಗಿ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್, ಮೊಬೈಲಿನ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಅಪರಾಧ, ಮೊತ್ತ ಸಣ್ಣದು ಎಂಬ ಕಾರಣಕ್ಕೆ ಅದು ಅಪರಾಧವಲ್ಲದೆ ಹೋಗುವುದಿಲ್ಲ.

ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಮೊದಲು ವಾಟ್ಸ್ಆ್ಯಪಿನಲ್ಲೇ `Export chat` ಒತ್ತಿ ಪೂರ್ತಿ ಸಂಭಾಷಣೆಯನ್ನು ಇಮೇಲಿಗೋ ಮನೆಯವರ ಫೋನಿಗೋ ಕಳಿಸಿಟ್ಟುಕೊಳ್ಳಿ. ನಂಬರು ಕಾಣುವ ಹಾಗೆ ಪ್ರೊಫೈಲಿನ ಸ್ಕ್ರೀನ್‌ಶಾಟ್ ಬೇರೆ ತೆಗೆದಿಡಿ. ಆ ಕಡೆಯವರು ಮಾಯವಾಗುವ ಸಂದೇಶದ ಏರ್ಪಾಟು ಮಾಡಿದ್ದರೆ 24 ಗಂಟೆಯಲ್ಲೋ 7 ದಿನದಲ್ಲೋ ಎಲ್ಲ ತಾನಾಗಿ ಅಳಿಸಿಹೋಗುತ್ತದೆ. ಬ್ಲಾಕ್ ಮಾಡುವುದು ಇಷ್ಟೆಲ್ಲ ಆದಮೇಲೆ.

ದುಡ್ಡಿಗಿಂತ ನನಗೆ ಹೆಚ್ಚು ಭಯವಾಗುವುದು, "ಸ್ಯಾಲರಿ ಅಕೌಂಟ್ ಮಾಡಿಸಬೇಕು" ಎಂದು ಇವರು ಕೇಳುವ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮುಗಳ ವಿಷಯದಲ್ಲಿ. ಅವನ್ನು ಕೊಟ್ಟರೆ ಮುಂದಿನ ಸಲ ಇನ್ಯಾರದೋ 1,550 ಬಂದು ಬೀಳುವುದು ಈ ಹುಡುಗಿಯ ಖಾತೆಗೆ, ಪೊಲೀಸರು ಹುಡುಕಿಕೊಂಡು ಬರುವುದು ಇವಳ ಮನೆಗೆ. ಕೊಟ್ಟಿದ್ದರೆ ಅಂದೇ ಬ್ಯಾಂಕಿಗೆ ಹೋಗಿ ಕಾರ್ಡು ನಿಲ್ಲಿಸಿ, ಖಾತೆ ಬೇರೆಯವರ ಕೈಯಲ್ಲಿದೆ ಎಂದು ಲಿಖಿತವಾಗಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಆಧಾರ್ ಪ್ರತಿ ಕಳಿಸಿದ್ದರೆ `sancharsaathi.gov.in` ನಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕಿ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ನೋಡಿ. ನಿಮಗೆ ಗೊತ್ತಿಲ್ಲದ ನಂಬರ್ ಅಲ್ಲಿ ಕಂಡರೆ, ಅದು ನನ್ನದಲ್ಲ ಎಂದು ಅಲ್ಲೇ ದಾಖಲಿಸಬಹುದು. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ.